ಮನೆ ಸುತ್ತ ಮ್ಯಾಪ್ ಮರೆ ಮಾಡಿದ್ದರೂ ನಮ್ಮ ರಸ್ತೆ ಗೊತ್ತಾಗಿದ್ದು ಹೇಗೆ?

ಬೆಳಗಿನ_ಹೆಜ್ಜೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ನಾನು ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಓಡುತ್ತೇನೆ. ಕೈಯಲ್ಲಿ ಜಿಪಿಎಸ್ ವಾಚ್ ಇದೆ. ಓಟ ಮುಗಿದ ಮೇಲೆ ಅದು ವಾಚ್ ಕಂಪನಿಯ ಆ್ಯಪ್‌ಗೆ ಹೋಗುತ್ತದೆ. ಅಲ್ಲಿಂದ ತಾನಾಗಿಯೇ ಇನ್ನೊಂದು ಆ್ಯಪ್‌ಗೆ ಹೋಗುತ್ತದೆ, ಗೆಳತಿಯರೆಲ್ಲ ಇರುವುದು ಅಲ್ಲೇ. ಇನ್ನೂ ಕತ್ತಲಿರುತ್ತದೆ ಅಂತ ಅಕ್ಕನಿಗೆ ಲೈವ್ ಲೊಕೇಶನ್ ಲಿಂಕ್ ಕೂಡ ಹೋಗುವಂತೆ ಇಟ್ಟಿದ್ದೇನೆ.

ಮನೆಯ ವಿಳಾಸ ಹಾಕಿ ಸುತ್ತ 400 ಮೀಟರ್ ಮರೆ ಮಾಡಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಮೊನ್ನೆ ನನಗೆ ಗುರುತೇ ಇಲ್ಲದ ಒಬ್ಬ ಫಾಲೋವರ್ ಓಟದ ಕೆಳಗೆ ಬರೆದಿದ್ದಾನೆ: "ನೀರಿನ ಟ್ಯಾಂಕ್ ಹಿಂದಿನ ರಸ್ತೆಯವರಾ ನೀವು? ದಿನಾ ಇದೇ ಟೈಮಾ?" ನಮ್ಮ ಮನೆ ಇರುವುದು ಆ ರಸ್ತೆಯಲ್ಲೇ. ಮ್ಯಾಪ್‌ನಲ್ಲಿ ಆ ರಸ್ತೆ ಕಾಣಿಸಲೇಬಾರದು. ಆವತ್ತೇ ಬ್ಲಾಕ್ ಮಾಡಿದೆ. ಆದರೆ ಅವನಿಗೆ ಗೊತ್ತಾಗಿದ್ದು ಹೇಗೆ? ಅಕ್ಕನಿಗೆ ಲೈವ್ ಬೇಕು, ಗೆಳತಿಯರಿಗೆ ಓಟ ಕಾಣಬೇಕು, ಬೇರೆಯವರಿಗೆ ಮನೆ ಗೊತ್ತಾಗಬಾರದು. ಮೂರೂ ಒಟ್ಟಿಗೆ ಆಗುವ ಸೆಟ್ಟಿಂಗ್ ಯಾವುದಾದರೂ ಇದೆಯಾ?

ಹತ್ತು_ಕಿಮೀ
400 ಮೀಟರ್ ಕಮ್ಮಿ ಆಯ್ತು ಮೇಡಂ. Strava ಆದರೆ `Map Visibility` ಒಳಗೆ 1600 ಮೀಟರ್‌ವರೆಗೂ ಹಾಕಬಹುದು. ನಾನು ಹಾಕಿ ಎರಡು ವರ್ಷ ಆಯ್ತು. ಆಮೇಲೆ ತಲೆ ಕೆಡಿಸಿಕೊಂಡೇ ಇಲ್ಲ.

ಗಡಿಯಾರ_ಹೊಸದು
ವಾಚ್ ಕಳೆದುಹೋದರೆ ಲೈವ್ ಲೊಕೇಶನ್‌ನಿಂದ ಹುಡುಕಬಹುದಾ? ನಂದು ಹೋದ ವಾರ ಬಸ್ಸಲ್ಲಿ ಬಿಟ್ಟುಹೋಯಿತು.

ಉದ್ದ_ಓಟ
@ಗಡಿಯಾರ_ಹೊಸದು ಇಲ್ಲಿ ಮಾತಾಡುತ್ತಿರುವ ಲೈವ್ ಬೇರೆ. ಅದು ಓಟ ಶುರು ಮಾಡಿದಾಗ ಮಾತ್ರ ನಡೆಯುತ್ತದೆ. ಸಿಮ್ ಇಲ್ಲದ ವಾಚ್ ಆದರೆ ಪಕ್ಕದಲ್ಲಿ ಫೋನ್ ಇರಲೇಬೇಕು, ಏಕೆಂದರೆ ಲೊಕೇಶನ್ ಕಳಿಸುವುದು ಫೋನಿನ ಇಂಟರ್ನೆಟ್. ಕಳೆದ ವಾಚ್ ಹುಡುಕುವುದಕ್ಕೆ ಹೊಸ ಪೋಸ್ಟ್ ಹಾಕಿ.

ಸುಮ್ನೆ_ಓಡು
ಇಷ್ಟೊಂದು ಹೆದರಬೇಕಾ? ಪಕ್ಕದ ಬೀದಿಯವರೇ ಯಾರೋ ಇರಬೇಕು, ದಾರಿಯಲ್ಲಿ ನೋಡಿ ಗುರುತು ಹಿಡಿದಿರಬಹುದು. ನಾನು ಏಳು ವರ್ಷದಿಂದ ಎಲ್ಲವನ್ನೂ `Everyone` ಅಂತಲೇ ಇಟ್ಟಿದ್ದೇನೆ. ಅದರಿಂದಲೇ ನನಗೆ ಒಳ್ಳೆಯ ಸ್ನೇಹಿತರು ಸಿಕ್ಕಿದ್ದಾರೆ.

ರಾತ್ರಿ_ಪಾಳಿ
@ಸುಮ್ನೆ_ಓಡು ಸರ್, ನಿಮ್ಮ ಓಟದ ಕೆಳಗೆ ಯಾರಾದರೂ "ದಿನಾ ಇದೇ ಟೈಮಾ" ಅಂತ ಕೇಳಿದ್ದಾರಾ? ನಾನು ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಓಡುವ ಹೆಂಗಸು. ರಸ್ತೆ ಗೊತ್ತು, ಟೈಮ್ ಗೊತ್ತು ಅಂದರೆ ಅವನಿಗೆ ಇನ್ನೇನು ಬೇಕು? ಬೆಳಗಿನ_ಹೆಜ್ಜೆ ಅವರ ಗಾಬರಿ ಸರಿಯಾಗಿಯೇ ಇದೆ.

ನಕ್ಷೆ_ಗೀಳು
ಬೆಳಗಿನ_ಹೆಜ್ಜೆ ಅವರೇ, ನಾನು ಕೆಲಸ ಮಾಡುವುದೇ ಮ್ಯಾಪ್ ಡೇಟಾ ಜೊತೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಮೊದಲು ಎರಡು ವಿಷಯ ಹೇಳಿ. ಒಂದು, ನಿಮ್ಮ ಓಟದ ಒಟ್ಟು ದೂರ ಎಷ್ಟು ಅಂತ ಕಾಣಿಸುತ್ತದೆ? ಎರಡು, ಹೊರಟ ದಾರಿಯಲ್ಲೇ ವಾಪಸ್ ಬರುತ್ತೀರಾ? ಇನ್ನೊಂದು ಕೆಲಸ ಮಾಡಿ. ನಿಮ್ಮ ಲಾಗಿನ್‌ನಲ್ಲಿ ನೋಡಬೇಡಿ, ಅಲ್ಲಿ ನಿಮಗೆ ಮರೆ ಮಾಡಿದ ಭಾಗವೂ ಕಾಣುತ್ತದೆ. ಗೆಳತಿಯ ಫೋನಿನಲ್ಲಿ ನಿಮ್ಮ ಓಟ ತೆರೆದು, ಕಾಣುವ ಗೆರೆಯನ್ನು ಯಾವುದಾದರೂ ಮ್ಯಾಪ್‌ನ ಅಳತೆ ಪಟ್ಟಿಯಲ್ಲಿ ಅಳೆದು ನೋಡಿ.

ಬೆಳಗಿನ_ಹೆಜ್ಜೆ
ಗೆಳತಿಯಿಂದ ಈಗಷ್ಟೇ ಮಾಡಿಸಿದೆ. ಆ್ಯಪ್ ತೋರಿಸುವ ಒಟ್ಟು ದೂರ 6.2 ಕಿ.ಮೀ. ಅವಳು ಅಳೆದಾಗ ಗೆರೆ ಬಂದಿದ್ದು 5.1 ಕಿ.ಮೀ. ಹೌದು, ಹೊರಟ ದಾರಿಯಲ್ಲೇ ವಾಪಸ್. ಮುಖ್ಯ ರಸ್ತೆಗೆ ಹೋಗಿ, ಪಾರ್ಕ್ ಸುತ್ತಿ ಬರುತ್ತೇನೆ.

ನಕ್ಷೆ_ಗೀಳು
ಸರಿ, ಇಲ್ಲೇ ಇದೆ ನೋಡಿ ವಿಷಯ. 6.2ರಲ್ಲಿ 5.1 ಕಳೆದರೆ 1.1 ಕಿ.ಮೀ. ಆ್ಯಪ್ ಗೆರೆಯನ್ನು ಅಳಿಸಿದೆ, ಆದರೆ ಅದರ ದೂರವನ್ನು ಹಾಗೇ ಬಿಟ್ಟಿದೆ. ಹೋಗುವಾಗ ಬರುವಾಗ ಒಂದೇ ದಾರಿ ಅಂದಮೇಲೆ ಒಂದು ಕಡೆಗೆ 550 ಮೀಟರ್. ಅಂದರೆ ಗೆರೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ರಸ್ತೆ ಹಿಡಿದು 550 ಮೀಟರ್ ಒಳಗೆ ನಡೆದರೆ ನಿಮ್ಮ ಗೇಟ್.

ಈಗ ಮ್ಯಾಪ್ ತೆಗೆದು ಗೆರೆ ಶುರುವಾಗುವ ಜಾಗಕ್ಕೆ ಬೆರಳಿಡಿ. ಅಲ್ಲಿಂದ ಒಳಗೆ ಹೋಗುವ ರಸ್ತೆಗಳು ಎಷ್ಟು? ಪ್ರತಿ ತಿರುವಿನಲ್ಲೂ ಎಡಕ್ಕೆ ಹೋದರೆ 550 ಎಲ್ಲಿ ಮುಗಿಯುತ್ತದೆ, ಬಲಕ್ಕೆ ಹೋದರೆ ಎಲ್ಲಿ ಮುಗಿಯುತ್ತದೆ ಅಂತ ಎಣಿಸಿ. ನಾಲ್ಕೈದು ಜಾಗಕ್ಕಿಂತ ಜಾಸ್ತಿ ಬರುವುದು ಕಷ್ಟ. ಇನ್ನೊಂದು ದಿನ ನೀವು ಬೇರೆ ಕಡೆಯಿಂದ ಹೊರಟಿದ್ದರೆ ಅದಕ್ಕೂ ಇದೇ ಲೆಕ್ಕ ಹಾಕಬಹುದು. ಎರಡರಲ್ಲೂ ಬರುವ ಜಾಗ ಒಂದೇ ಇರುತ್ತದೆ.

ಇದು ನನ್ನ ಊಹೆ ಅಲ್ಲ. ಬೆಲ್ಜಿಯಂನ ಕೆ.ಯು. ಲ್ಯೂವೆನ್ ವಿಶ್ವವಿದ್ಯಾಲಯದವರು 2022ರಲ್ಲಿ ಇದನ್ನೇ ಮಾಡಿ ತೋರಿಸಿದರು. ಅಡಗಿಸಿದ ದೂರ ಮತ್ತು ರಸ್ತೆಗಳ ಜಾಲ, ಇವೆರಡನ್ನು ಸೇರಿಸಿ ಮರೆ ಮಾಡಿದ ಜಾಗಗಳಲ್ಲಿ 85%ವರೆಗೆ ಪತ್ತೆ ಮಾಡಬಹುದು ಅಂತ ಕಂಡುಕೊಂಡರು.

ಹತ್ತು_ಕಿಮೀ
ಅದಕ್ಕೇ ಅಲ್ವಾ ದೊಡ್ಡ ವೃತ್ತ ಹಾಕಿ ಅಂದಿದ್ದು? 1600 ಮೀಟರ್ ಒಳಗೆ ಎಷ್ಟು ರಸ್ತೆ ಇರುತ್ತವೆ, ಯಾರು ಎಣಿಸುತ್ತಾರೆ?

ನಕ್ಷೆ_ಗೀಳು
ನೀವು ಹೇಳಿದ್ದು ಅರ್ಧ ಸರಿ. ಒತ್ತೊತ್ತಾಗಿ ರಸ್ತೆಗಳಿರುವ ಕಡೆ ವೃತ್ತ ದೊಡ್ಡದಾದಷ್ಟೂ ಒಳ್ಳೆಯದು, ಏಕೆಂದರೆ ಒಂದೇ ದೂರಕ್ಕೆ ಹತ್ತಾರು ಜಾಗ ಸಿಗುತ್ತವೆ. ಆದರೆ ಒಂದೇ ರಸ್ತೆ ಒಳಗೆ ಹೋಗಿ ಕೊನೆಯಲ್ಲಿ ಆರು ಮನೆ ಇರುವ ಕಡೆ 1600 ಹಾಕಿದರೂ ಅಷ್ಟೇ. ಇರುವುದು ಒಂದೇ ರಸ್ತೆ. ಅಲ್ಲಿ ಎಣಿಸಬೇಕಾದ ಕೆಲಸವೇ ಇಲ್ಲ.

ಇನ್ನೊಂದು ತೊಂದರೆ ವೃತ್ತದ್ದೇ. ಮೂರು ಬೇರೆ ಬೇರೆ ದಿಕ್ಕಿನ ಓಟಗಳು ಇದ್ದರೆ, ಗೆರೆ ಕಡಿದುಹೋಗುವ ಮೂರು ಜಾಗ ಸಿಗುತ್ತವೆ. ಮೂರು ಬಿಂದು ಸಿಕ್ಕರೆ ಅವುಗಳ ಮೇಲೆ ಹಾದುಹೋಗುವ ವೃತ್ತ ಒಂದೇ. ಹೈಸ್ಕೂಲಿನಲ್ಲಿ ಕೈವಾರ ಹಿಡಿದು ಮಾಡಿದ್ದೇವಲ್ಲ, ಅದೇ. ನಡುವಿನ ಬಿಂದು ನಿಮ್ಮ ಮನೆ. ಈಗ ಕೆಲವು ಆ್ಯಪ್‌ಗಳು ನಡುವಿನ ಬಿಂದುವನ್ನು ಬೇಕೆಂದೇ ಪಕ್ಕಕ್ಕೆ ಸರಿಸುತ್ತವೆ. ಆಗ ಈ ಕೈವಾರದ ದಾರಿ ಕೆಲಸ ಮಾಡುವುದಿಲ್ಲ. ಆದರೆ ಮೇಲೆ ಹೇಳಿದ ದೂರದ ಲೆಕ್ಕಕ್ಕೆ ವೃತ್ತದ ನಡು ಬೇಕಾಗಿಯೇ ಇಲ್ಲ.

ಸುಮ್ನೆ_ಓಡು
ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಯಾರು ಕೂರುತ್ತಾರೆ ಹೇಳಿ? ಅದು ವಿಶ್ವವಿದ್ಯಾಲಯದವರ ಕೆಲಸ.

ಉದ್ದ_ಓಟ
ಯಾರೂ ಕೂರುವುದಿಲ್ಲ ಅಂತ ಹೇಳಲಾಗದು. 2018ರ ಜನವರಿಯಲ್ಲಿ ಏನಾಯಿತು ನೆನಪಿದೆಯಾ? Strava ಎಲ್ಲರ ಓಟ ಸೇರಿಸಿ ಹೀಟ್‌ಮ್ಯಾಪ್ ಬಿಟ್ಟಿತ್ತು, ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಮರುಭೂಮಿಯಲ್ಲಿರುವ ಸೇನಾ ನೆಲೆಗಳ ಒಳಗಿನ ದಾರಿಗಳು ಅದರಲ್ಲಿ ಹೊಳೆಯುತ್ತಿದ್ದವು. ಅದನ್ನು ಗಮನಿಸಿ ಹೇಳಿದವನು ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ. ಕುತೂಹಲ ಇರುವ ಒಬ್ಬ ಸಾಕು.

ಆದರೆ ಬೆಳಗಿನ_ಹೆಜ್ಜೆ ಅವರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಸುಲಭದ ದಾರಿಯೇ ಇದ್ದಿರಬಹುದು ಅನ್ನಿಸುತ್ತದೆ. ಎರಡು ಪ್ರಶ್ನೆ. ಲೈವ್ ಲಿಂಕ್ ಅಕ್ಕನಿಗೆ ಮಾತ್ರ ಹೋಗುತ್ತದಾ? ಜೊತೆಯಲ್ಲಿ ಯಾರಾದರೂ ಓಡುತ್ತಾರಾ?

ಬೆಳಗಿನ_ಹೆಜ್ಜೆ
ಲಿಂಕ್ ಅಕ್ಕನಿಗೆ ಮಾತ್ರ... ಅಲ್ಲ, ತಾಳಿ. ಹೋದ ತಿಂಗಳು ಹಾಫ್ ಮ್ಯಾರಥಾನ್ ಅಭ್ಯಾಸದ ದಿನ ನಮ್ಮ ಓಟದ ಗ್ರೂಪ್‌ಗೆ ಲಿಂಕ್ ಹಾಕಿದ್ದೆ. ಎಲ್ಲರೂ ನೋಡಿ ಹುರಿದುಂಬಿಸಲಿ ಅಂತ. ಗ್ರೂಪ್‌ನಲ್ಲಿ ಎಂಬತ್ತು ಜನ ಇದ್ದಾರೆ. ಓಟ ಮುಗಿದ ಮೇಲೆ ಅದು ನಿಂತುಹೋಗಿರುತ್ತದೆ ಅಲ್ವಾ?

ಹತ್ತು_ಕಿಮೀ
ಹೌದು, `Stop` ಒತ್ತಿದ ಕೂಡಲೇ ಲಿಂಕ್ ಸತ್ತುಹೋಗುತ್ತದೆ.

ಉದ್ದ_ಓಟ
ಇಲ್ಲ. ಹೊಸ ಜಾಗ ಕಳಿಸುವುದು ನಿಲ್ಲುತ್ತದೆ, ಪುಟ ಉಳಿಯುತ್ತದೆ. Garmin ವಾಚ್‌ನ `LiveTrack` ಪುಟವನ್ನು 24 ಗಂಟೆವರೆಗೂ ತೆರೆಯಬಹುದು. ಅದಕ್ಕೆ ಲಾಗಿನ್ ಬೇಡ, ಲಿಂಕ್ ಇದ್ದವರೆಲ್ಲ ನೋಡಬಹುದು, ಯಾರಿಗೆ ಬೇಕಾದರೂ ಕಳಿಸಬಹುದು.

ಇನ್ನೂ ಮುಖ್ಯವಾದದ್ದು ಏನೆಂದರೆ, ಮನೆ ಸುತ್ತ ಹಾಕಿದ ಮರೆ ಇರುವುದು ಮುಗಿದ ಓಟಕ್ಕೆ. ಲೈವ್ ಇರುವುದೇ ನೀವು ಈಗ ಎಲ್ಲಿದ್ದೀರಿ ಅಂತ ತೋರಿಸುವುದಕ್ಕೆ. ನನ್ನ ಲಿಂಕ್ ನಾನೇ ಒಂದು ದಿನ ಬೇರೆ ಫೋನಿನಲ್ಲಿ ತೆರೆದು ನೋಡಿದೆ. ಬಾಗಿಲ ಮುಂದೆ ಶೂ ಲೇಸ್ ಕಟ್ಟಿಕೊಂಡು ನಿಂತ ಜಾಗದಿಂದಲೇ ಗೆರೆ ಶುರುವಾಗಿತ್ತು. ಮನೆಯ ಚಾವಣಿ ಮೇಲೆ ಸರಿಯಾಗಿ ಚುಕ್ಕಿ. ಆವತ್ತು ನನಗೆ ಅರ್ಥವಾಯಿತು, ಎರಡೂ ಬೇರೆ ಬೇರೆ ಬಾಗಿಲು, ಒಂದಕ್ಕೆ ಬೀಗ ಹಾಕಿದರೆ ಇನ್ನೊಂದು ಮುಚ್ಚುವುದಿಲ್ಲ.

ಬೆಳಗಿನ_ಹೆಜ್ಜೆ
ಅಯ್ಯೋ. ಎಂಬತ್ತು ಜನರಿಗೆ ನಾನೇ ಮನೆ ತೋರಿಸಿದ ಹಾಗಾಯಿತು.

ಮಗಳ_ಅಮ್ಮ
ನಾನು ಓಡುವವಳಲ್ಲ, ಲೈವ್ ನೋಡುವವಳು. ಮಗಳು ಓಡುತ್ತಾಳೆ. ಲೈವ್ ನಿಲ್ಲಿಸಿ ಅಂತ ಮಾತ್ರ ಯಾರೂ ಹೇಳಬೇಡಿ, ನಮಗೆ ಅದೇ ಧೈರ್ಯ. ಆದರೆ ಒಂದು ದಿನ ಚುಕ್ಕಿ ಒಂದೇ ಕಡೆ ಇಪ್ಪತ್ತು ನಿಮಿಷ ನಿಂತುಬಿಟ್ಟಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಅವಳ ಅಪ್ಪ ಗಾಡಿ ತೆಗೆದುಕೊಂಡು ಹೊರಟೇಬಿಟ್ಟರು. ಅಷ್ಟರಲ್ಲಿ ಅವಳೇ ನಡೆದುಕೊಂಡು ಬಂದಳು, ಫೋನ್ ಬ್ಯಾಟರಿ ಮುಗಿದಿತ್ತಂತೆ. ಚುಕ್ಕಿ ನಿಂತರೆ ಬಿದ್ದಿದ್ದಾಳೋ, ನೆಟ್‌ವರ್ಕ್ ಇಲ್ಲವೋ ಅಂತ ಹೇಗೆ ತಿಳಿಯುವುದು?

ಉದ್ದ_ಓಟ
ಅಮ್ಮಾ, ಚುಕ್ಕಿಯನ್ನು ನೋಡಬೇಡಿ, ಅದರ ಪಕ್ಕ ಕೊನೆಯದಾಗಿ ಸುದ್ದಿ ಬಂದ ಟೈಮ್ ಇರುತ್ತದೆ, ಅದನ್ನು ನೋಡಿ. ಟೈಮ್ ಮುಂದೆ ಹೋಗುತ್ತಾ ಇದೆ, ಚುಕ್ಕಿ ಮಾತ್ರ ಅಲ್ಲೇ ಇದೆ ಅಂದರೆ ಫೋನ್ ಚೆನ್ನಾಗಿಯೇ ಇದೆ, ಅವಳೇ ನಿಂತಿದ್ದಾಳೆ. ನೀರು ಕುಡಿಯುತ್ತಿರಬಹುದು, ಯಾರ ಜೊತೆಗೋ ಮಾತಾಡುತ್ತಿರಬಹುದು. ಆಗ ಫೋನ್ ಮಾಡಿ, ರಿಂಗ್ ಆಗುತ್ತದೆ. ಎತ್ತದಿದ್ದರೆ ಆಗ ಹೊರಡಿ. ಟೈಮೇ ಹಳೆಯದಾಗಿದ್ದರೆ ಸುದ್ದಿ ಬರುವುದು ನಿಂತಿದೆ ಅಂತ ಅರ್ಥ. ನೆಟ್‌ವರ್ಕ್ ಹೋಗಿರಬಹುದು, ಬ್ಯಾಟರಿ ಹೋಗಿರಬಹುದು, ವಾಚ್ ಮತ್ತು ಫೋನಿನ ನಡುವಿನ ಬ್ಲೂಟೂತ್ ಬಿಟ್ಟುಹೋಗಿರಬಹುದು. ಅಂಥ ಹೊತ್ತಿನಲ್ಲಿ ಅವಳು ಇನ್ನೂ ಆ ಚುಕ್ಕಿಯ ಜಾಗದಲ್ಲೇ ಇದ್ದಾಳೆ ಅಂತ ಅಂದುಕೊಳ್ಳಬೇಡಿ.

ನಾವು ಮನೆಯಲ್ಲಿ ಮಾಡಿಕೊಂಡಿರುವುದು ಇಷ್ಟು: ಹೊರಡುವ ಮೊದಲೇ ಎಷ್ಟು ಗಂಟೆಗೆ ವಾಪಸ್ ಅಂತ ಹೇಳುತ್ತೇನೆ. ಆ ಹೊತ್ತು ಕಳೆದು ಕಾಲು ಗಂಟೆ ಆದಮೇಲೆ ಮಾತ್ರ ಹುಡುಕಲು ಬರಬೇಕು.

ಮಗಳ_ಅಮ್ಮ
ಟೈಮ್ ನೋಡಬೇಕು ಅಂತ ಯಾರೂ ಹೇಳಿಯೇ ಇರಲಿಲ್ಲಪ್ಪ. ಇವತ್ತೇ ಮಗಳ ಹತ್ತಿರ ತೋರಿಸು ಅಂತ ಕೇಳುತ್ತೇನೆ.

ಗಡಿಯಾರ_ಹೊಸದು
ಲೈವ್ ಹಾಕಿದರೆ ಬ್ಯಾಟರಿ ಬೇಗ ಹೋಗುತ್ತದಾ? ಹೊಸ ವಾಚ್ ತೆಗೆದುಕೊಳ್ಳುವ ಯೋಚನೆ ಇದೆ.

ರಾತ್ರಿ_ಪಾಳಿ
ನನಗೆ ಫೋನಿನ ಬ್ಯಾಟರಿ ಜಾಸ್ತಿ ಹೋಗುತ್ತದೆ, ವಾಚ್‌ದು ಅಷ್ಟಿಲ್ಲ. ಸಿಮ್ ಇರುವ ವಾಚ್‌ನಿಂದಲೇ ನೇರವಾಗಿ ಕಳಿಸಿದರೆ ವಾಚ್‌ದು ಇಳಿಯುತ್ತದೆ.

ವಿಷಯಕ್ಕೆ ಬರುತ್ತೇನೆ. @ಬೆಳಗಿನ_ಹೆಜ್ಜೆ ಜೊತೆಯಲ್ಲಿ ಯಾರಾದರೂ ಓಡುತ್ತಾರಾ ಅಂತ ಕೇಳಿದ್ದಕ್ಕೆ ನೀವು ಉತ್ತರ ಕೊಡಲೇ ಇಲ್ಲ. ನನ್ನ ಮನೆ ಗೊತ್ತಾಗಿದ್ದು ಹಾಗೆಯೇ. ನಾನು ಎಲ್ಲ ಬಿಗಿ ಮಾಡಿದ್ದೆ. ನನ್ನ ಜೊತೆ ಓಡುವವಳು ನನ್ನನ್ನು ಮನೆ ತನಕ ಬಿಟ್ಟು, ಗೇಟ್ ಮುಂದೆಯೇ ವಾಚ್ ನಿಲ್ಲಿಸುತ್ತಿದ್ದಳು. ಅವಳ ಮ್ಯಾಪ್‌ನಲ್ಲಿ ಮರೆ ಇರುವುದು ಅವಳ ಮನೆಗೆ, ನನ್ನ ಮನೆಗಲ್ಲ. ಇಬ್ಬರೂ ಒಟ್ಟಿಗೆ ಓಡಿದ್ದೇವೆ ಅಂತ ಆ್ಯಪ್ ಬೇರೆ ಇಬ್ಬರ ಹೆಸರನ್ನೂ ಸೇರಿಸಿ ತೋರಿಸುತ್ತಿತ್ತು.

ಬೆಳಗಿನ_ಹೆಜ್ಜೆ
ಭಾನುವಾರ ಒಬ್ಬಳು ಗೆಳತಿ ಬರುತ್ತಾಳೆ. ಅವಳ ಓಟ ಈಗ ತೆಗೆದು ನೋಡಿದೆ. ಕೈ ನಡುಗಿತು. ಕೊನೆಯ ಚುಕ್ಕಿ ನಮ್ಮ ಗೇಟ್ ಎದುರಿನ ಹೊಂಗೆ ಮರದ ಕೆಳಗಿದೆ. ನಾವಿಬ್ಬರೂ ನಿಂತು ಮಾತಾಡುವ ಜಾಗ. ಓಟದ ಹೆಸರು "ನೀರಿನ ಟ್ಯಾಂಕ್ ಸುತ್ತು". ಅವಳ ಪ್ರೊಫೈಲ್ ಎಲ್ಲರಿಗೂ ತೆರೆದಿದೆ.

ನಕ್ಷೆ_ಗೀಳು
ಹಾಗಾದರೆ ನನ್ನ ಲೆಕ್ಕ ಯಾರೂ ಹಾಕಬೇಕಾಗಿಯೇ ಇರಲಿಲ್ಲ. "ನೀರಿನ ಟ್ಯಾಂಕ್" ಅನ್ನುವ ಮಾತು ಅವನಿಗೆ ಸಿಕ್ಕಿದ್ದು ಅಲ್ಲಿಂದಲೇ ಇರಬಹುದು.

ಮುಂದೆ ಏನು ಮಾಡಬೇಕು ಅಂತ ಕೇಳಿದರೆ, ನಾನು ಹೇಳುವುದು ಮೊದಲು ವಾಚ್‌ನ ಬಟನ್ ಬಗ್ಗೆ. ಮನೆಯಲ್ಲಿ `Start` ಒತ್ತಬೇಡಿ. ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ, ಮುಖ್ಯ ರಸ್ತೆಗೆ ಬಂದಮೇಲೆ ಒತ್ತಿ. ವಾಪಸ್ ಬರುವಾಗಲೂ ಅಲ್ಲೆಲ್ಲೋ ನಿಲ್ಲಿಸಿ, ಮನೆಗೆ ನಡೆದು ಬನ್ನಿ. ದಿನಾ ಒಂದೇ ಕಂಬದ ಹತ್ತಿರ ಒತ್ತಬೇಡಿ, ಜಾಗ ಬದಲಾಗುತ್ತಿರಲಿ. ದಾಖಲೆಯೇ ಇಲ್ಲದ ಗೆರೆಯನ್ನು ಯಾವ ಲೆಕ್ಕದಿಂದಲೂ ತೆಗೆಯಲಾಗದು. ಒಟ್ಟು ದೂರದಲ್ಲೂ ಅದು ಸೇರಿರುವುದಿಲ್ಲ.

ಹತ್ತು_ಕಿಮೀ
ಆದರೆ ಆ ಒಂದು ಕಿ.ಮೀ. ನನ್ನ ತಿಂಗಳ ಲೆಕ್ಕದಲ್ಲಿ ಹೋಗುತ್ತದಲ್ಲ. ನಾನು ಓಡಿದ್ದು ನನಗೆ ಬೇಕು.

ನಕ್ಷೆ_ಗೀಳು
ಹಾಗಿದ್ದರೆ ಪೂರ್ತಿ ದಾಖಲೆ ಮಾಡಿ, ಹಂಚುವ ಆ್ಯಪ್‌ನಲ್ಲಿ ಮಾತ್ರ ಕ್ರಾಪ್ ಮಾಡಿ. ಶುರುವಿನದೂ ಕೊನೆಯದೂ ಕತ್ತರಿಸಿದರೆ ಗೆರೆಯ ಜೊತೆ ದೂರವೂ ಕಮ್ಮಿಯಾಗುತ್ತದೆ. ಹೀಗಾಗಿ ಕಳೆಯುವ ಲೆಕ್ಕ ಯಾರಿಗೂ ಸಿಗುವುದಿಲ್ಲ. ಪೂರ್ತಿ ಓಟ ವಾಚ್ ಕಂಪನಿಯ ಆ್ಯಪ್‌ನಲ್ಲಿ ಹಾಗೇ ಇರುತ್ತದೆ, ತಿಂಗಳ ಲೆಕ್ಕ ಅಲ್ಲಿ ನೋಡಿಕೊಳ್ಳಿ. ಆದರೆ ಓಟ ತಾನಾಗಿಯೇ ಹೋಗುವಂತೆ ಇಟ್ಟಿದ್ದರೆ ನೀವು ಕತ್ತರಿಸುವ ಮೊದಲೇ ಅದು ಜನರಿಗೆ ಕಾಣಿಸಿರುತ್ತದೆ. ಅದಕ್ಕೆ ಮೊದಲು `Only You` ಅಂತ ಬರುವಂತೆ ಇಟ್ಟು, ಕತ್ತರಿಸಿದ ಮೇಲೆ `Followers`ಗೆ ಬದಲಾಯಿಸಿ.

ಉದ್ದ_ಓಟ
ಇದಕ್ಕೆ ಒಂದು ಮಾತು ಸೇರಿಸುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ವಾಚ್ ಕಂಪನಿಯ ಆ್ಯಪ್‌ನಲ್ಲಿ ಮರೆ ಹಾಕಿದರೆ ಅದು ಜೋಡಿಸಿದ ಆ್ಯಪ್‌ಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಪೂರ್ತಿ ಫೈಲ್, ಬಾಗಿಲಿನಿಂದ ಬಾಗಿಲಿನವರೆಗೆ. ಒಂದರಲ್ಲಿ ನನಗೆ ಮಾತ್ರ ಅಂತ ಇಟ್ಟು, ಇನ್ನೊಂದರಲ್ಲಿ ಎಲ್ಲರಿಗೂ ಅಂತ ಇರುವುದು ತೀರಾ ಸಾಮಾನ್ಯ. ಮೂರನೆಯ ಆ್ಯಪ್ ಯಾವುದಾದರೂ ಹಳೆಯ ಕಾಲದಲ್ಲಿ ಜೋಡಿಸಿದ್ದರೆ ಅದೂ ಇನ್ನೂ ಓಟ ತೆಗೆದುಕೊಳ್ಳುತ್ತಿರಬಹುದು. ಜೋಡಿಸಿದ ಆ್ಯಪ್‌ಗಳ ಪಟ್ಟಿ ತೆಗೆದು ನೋಡಿ. ನಾನು ನೋಡಿದಾಗ ಒಂದು ಸ್ಪರ್ಧೆಯ ಆ್ಯಪ್ ನಾಲ್ಕು ವರ್ಷದಿಂದ ನನ್ನ ಓಟಗಳನ್ನು ಎಳೆದುಕೊಳ್ಳುತ್ತಿತ್ತು, ಅದು ಇದೆ ಅಂತಲೇ ನಾನು ಮರೆತಿದ್ದೆ.

ಹಳೆಯ ಓಟಗಳನ್ನೂ ಮರೆಯಬೇಡಿ. ಓಟ ಯಾರಿಗೆ ಕಾಣಬೇಕು ಅನ್ನುವ ಸೆಟ್ಟಿಂಗ್ ಬದಲಿಸಿದರೆ ಅದು ಮುಂದಿನ ಓಟಗಳಿಗೆ. Stravaದಲ್ಲಿ ಹಳೆಯದಕ್ಕೆ `Edit Past Activities` ಅಂತ ಬೇರೆಯೇ ಇದೆ.

ಸುಮ್ನೆ_ಓಡು
ಸರಿ, ಗೆಳತಿಯ ಮ್ಯಾಪ್ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ನಾನೂ ಹಲವರನ್ನು ಮನೆ ತನಕ ಬಿಟ್ಟು ಬರುತ್ತೇನೆ, ವಾಚ್ ಅಲ್ಲೇ ನಿಲ್ಲಿಸುತ್ತೇನೆ. ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೂತು ಆ ಓಟಗಳನ್ನು ಕತ್ತರಿಸುತ್ತೇನೆ. ಆದರೆ ನನ್ನದನ್ನು ನಾನು ತೆರೆದೇ ಇಡುವವನು, ಅದರಲ್ಲಿ ಬದಲಾವಣೆ ಇಲ್ಲ.

ರಾತ್ರಿ_ಪಾಳಿ
ನಿಮ್ಮದು ನಿಮ್ಮಿಷ್ಟ ಸರ್. ಅವರದನ್ನು ಕತ್ತರಿಸುತ್ತೇನೆ ಅಂದಿದ್ದಕ್ಕೆ ಥ್ಯಾಂಕ್ಸ್.

ನಾನು ಮಾತ್ರ ಫಾಲೋವರ್‌ಗಳನ್ನೇ ಕಮ್ಮಿ ಮಾಡಿದೆ. ಮುಖ ನೋಡಿ ಗೊತ್ತಿಲ್ಲದವರನ್ನೆಲ್ಲ ತೆಗೆದೆ, ಹೊಸಬರು ಬರಬೇಕಾದರೆ ನಾನು ಒಪ್ಪಬೇಕು ಅಂತ ಇಟ್ಟೆ. 310 ಇದ್ದವರು 22 ಆದರು. ಓಟಕ್ಕೆ ಏನೂ ಕಮ್ಮಿ ಆಗಿಲ್ಲ.

ಬೆಳಗಿನ_ಹೆಜ್ಜೆ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಗೆಳತಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತೇಬಿಟ್ಟಳು, ಪಾಪ. ಭಾನುವಾರದ ಓಟಗಳನ್ನೆಲ್ಲ ಅವಳೇ ಕೂತು `Only You` ಮಾಡಿದಳು, ಹೆಸರೂ ಬದಲಾಯಿಸಿದಳು. ನಾನು ಈಗ ಪಾರ್ಕ್ ಹತ್ತಿರ ವಾಚ್ ಶುರು ಮಾಡುತ್ತಿದ್ದೇನೆ. ಓಟದ ಗ್ರೂಪ್‌ಗೆ ಲಿಂಕ್ ಹಾಕುವುದು ನಿಂತಿತು, ಅವರಿಗೆ ಮುಗಿದ ಮೇಲೆ ಮ್ಯಾಪ್ ಇಲ್ಲದ ಒಂದು ಸ್ಕ್ರೀನ್‌ಶಾಟ್.

ಅಕ್ಕನದು ಮಾತ್ರ ಬಗೆಹರಿದಿಲ್ಲ. ವಾಚ್ ಪಾರ್ಕ್‌ನಲ್ಲಿ ಶುರುವಾದರೆ ಲೈವ್ ಕೂಡ ಅಲ್ಲಿಂದಲೇ ಶುರು. ಮನೆಯಿಂದ ಪಾರ್ಕ್‌ವರೆಗಿನ ಆ ಹತ್ತು ನಿಮಿಷ, ಎಲ್ಲಕ್ಕಿಂತ ಕತ್ತಲಿರುವ ಹತ್ತು ನಿಮಿಷ, ಅವಳಿಗೆ ಕಾಣುವುದಿಲ್ಲ. ಅವಳು ಇದಕ್ಕೆ ಒಪ್ಪುತ್ತಿಲ್ಲ.

ಉದ್ದ_ಓಟ
ಆ ಹತ್ತು ನಿಮಿಷಕ್ಕೆ ವಾಚ್ ಬೇಡ. ಫೋನಿನ ಮೆಸೇಜ್ ಆ್ಯಪ್‌ನಲ್ಲೇ ಅಕ್ಕನ ಒಬ್ಬರ ಚಾಟ್‌ಗೆ ಲೈವ್ ಲೊಕೇಶನ್ ಹಾಕಿ ಹೊರಡಿ. ಅದು ಓಟದ ಆ್ಯಪ್‌ಗೆ ಸೇರುವುದೇ ಇಲ್ಲ.

ನಕ್ಷೆ_ಗೀಳು
ಆಗಬಹುದು. ಆದರೆ ಬೆಳಿಗ್ಗೆ ಐದೂವರೆಗೆ ದಿನಾ ಕೈಯಿಂದ ಒತ್ತಬೇಕು, ಒಂದು ದಿನ ಮರೆತೇ ಮರೆಯುತ್ತಾರೆ. ನನ್ನ ಕೇಳಿದರೆ ಮನೆಯಿಂದಲೇ ವಾಚ್ ಶುರು ಮಾಡಿ, ಲಿಂಕ್ ಅಕ್ಕನ ಇಮೇಲ್‌ಗೆ ಮಾತ್ರ ತಾನಾಗಿಯೇ ಹೋಗಲಿ, ಆಮೇಲೆ ಕ್ರಾಪ್ ಮಾಡಿ.

ಉದ್ದ_ಓಟ
ಕ್ರಾಪ್ ಮಾಡುವುದನ್ನೂ ಒಂದು ದಿನ ಮರೆಯುತ್ತಾರಲ್ಲ ಸರ್?

ನಕ್ಷೆ_ಗೀಳು
ಮರೆತರೂ ಅದು `Only You` ಆಗಿಯೇ ಇರುತ್ತದೆ. ಯಾರಿಗೂ ಕಾಣುವುದಿಲ್ಲ.

ಬೆಳಗಿನ_ಹೆಜ್ಜೆ
ಇದು ಅಕ್ಕನಿಗೆ ಹಿಡಿಸಬಹುದು. ನಾಳೆ ಬೆಳಿಗ್ಗೆ ಹೀಗೆ ಮಾಡಿ ನೋಡುತ್ತೇನೆ. ಅವಳ ಹತ್ತಿರ ಚುಕ್ಕಿ ಬಿಟ್ಟು ಟೈಮ್ ನೋಡು ಅಂತಲೂ ಹೇಳಿದ್ದೇನೆ.

ಗಡಿಯಾರ_ಹೊಸದು
ವಾಚ್ ಸಿಕ್ಕಿತು! ಕಂಡಕ್ಟರ್ ಎತ್ತಿಟ್ಟಿದ್ದರು. ಈ ಪೋಸ್ಟ್ ಓದಿದ ಮೇಲೆ ಜೋಡಿಸಿದ ಆ್ಯಪ್‌ಗಳ ಪಟ್ಟಿ ನೋಡಿದೆ, ಐದು ಇದ್ದವು. ಅದರಲ್ಲಿ ಎರಡು ಯಾವುದು ಅಂತಲೇ ನನಗೆ ಗೊತ್ತಿಲ್ಲ. ತೆಗೆದುಹಾಕಿದರೆ ಹಳೆಯ ಓಟಗಳೂ ಅಲ್ಲಿಂದ ಹೋಗುತ್ತವಾ?

ಉದ್ದ_ಓಟ
ಸಂಪರ್ಕ ತೆಗೆದರೆ ಹೊಸದು ಹೋಗುವುದು ನಿಲ್ಲುತ್ತದೆ. ಈಗಾಗಲೇ ಅಲ್ಲಿರುವುದು ಅಲ್ಲೇ ಉಳಿಯಬಹುದು. ಮೊದಲು ಆ ಆ್ಯಪ್ ಒಳಗೆ ಹೋಗಿ ಖಾತೆ ಅಳಿಸಿ, ಆಮೇಲೆ ಸಂಪರ್ಕ ತೆಗೆಯಿರಿ.